ಕೊಳವೆಯೊಳಗೆ ಮರೆಯಾಗುವ ಪ್ಲೇಟ್‌ಲೆಟ್‌ಗಳು: ಯಂತ್ರದ ಸುಳ್ಳು ಲೆಕ್ಕವನ್ನು ಬಯಲಿಗೆಳೆಯುವ ರಕ್ತಲೇಪನ

ರಕ್ತಪರೀಕ್ಷೆಯ ವರದಿಯಲ್ಲಿ ಪ್ಲೇಟ್‌ಲೆಟ್ ಸಂಖ್ಯೆ ಕಡಿಮೆ ಎಂದು ಮುದ್ರಿತವಾದ ಮಾತ್ರಕ್ಕೆ, ರೋಗಿಯ ದೇಹದಲ್ಲಿಯೂ ಅವು ಕಡಿಮೆಯಾಗಿವೆ ಎಂದು ತೀರ್ಮಾನಿಸುವಂತಿಲ್ಲ. ಕೆಲವರ ರಕ್ತವು ದೇಹದಿಂದ ಹೊರಬಂದು ಪರೀಕ್ಷೆಯ ಕೊಳವೆಯನ್ನು ಸೇರಿದ ಮೇಲೆ, ಅದರೊಳಗಿನ ರಾಸಾಯನಿಕದ ಪ್ರಭಾವದಿಂದ ಪ್ಲೇಟ್‌ಲೆಟ್‌ಗಳು ಒಂದಕ್ಕೊಂದು ಅಂಟಿಕೊಂಡು ಗುಂಪುಗಟ್ಟುತ್ತವೆ. ಎಣಿಸುವ ಯಂತ್ರಕ್ಕೆ ಬಿಡಿ ಪ್ಲೇಟ್‌ಲೆಟ್‌ಗಳಷ್ಟೇ ಲೆಕ್ಕಕ್ಕೆ ಸಿಗುತ್ತವೆ, ಗುಂಪುಗಳು ಸಿಗುವುದಿಲ್ಲ. ಪರಿಣಾಮವಾಗಿ 2 ಲಕ್ಷ ಪ್ಲೇಟ್‌ಲೆಟ್‌ಗಳಿರುವ ವ್ಯಕ್ತಿಗೆ 40 ಸಾವಿರದ ವರದಿ ಬರುವುದುಂಟು. ವೈದ್ಯಶಾಸ್ತ್ರದಲ್ಲಿ ಇದಕ್ಕೆ ಸೂಡೋಥ್ರಾಂಬೊಸೈಟೊಪೀನಿಯಾ, ಅರ್ಥಾತ್ ಮಿಥ್ಯಾ ಪ್ಲೇಟ್‌ಲೆಟ್ ಕೊರತೆ ಎಂದು ಹೆಸರು.

ಇದು ರೋಗವಲ್ಲ, ಇದಕ್ಕೆ ಚಿಕಿತ್ಸೆಯೂ ಬೇಕಿಲ್ಲ. ಅಪಾಯವಿರುವುದು ವರದಿಯನ್ನು ನಂಬಿ ಕೈಗೊಳ್ಳುವ ಕ್ರಮಗಳಲ್ಲಿ. ಶಸ್ತ್ರಚಿಕಿತ್ಸೆ ಮುಂದೂಡಲ್ಪಡಬಹುದು, ಅಗತ್ಯವಿಲ್ಲದ ಪ್ಲೇಟ್‌ಲೆಟ್ ಮರುಪೂರಣ ನಡೆಯಬಹುದು, ಇಲ್ಲದ ಕಾಯಿಲೆಗೆ ಸ್ಟೀರಾಯ್ಡ್ ಮಾತ್ರೆ ಆರಂಭವಾಗಬಹುದು. ಚಾಮರಾಜನಗರ ಜಿಲ್ಲೆಯ ಪೂರ್ವಭಾಗದಲ್ಲಿರುವ ಕೊಳ್ಳೇಗಾಲ, ಹನೂರು ಮತ್ತು ಯಳಂದೂರು ತಾಲ್ಲೂಕುಗಳಂತಹ ಕಡೆಗಳಲ್ಲಿ ಇಂತಹ ಒಂದು ವರದಿಯ ಅರ್ಥ ಬಹುತೇಕ ಮೈಸೂರಿನ ಪ್ರಯಾಣವೆಂದೇ ಆಗುತ್ತದೆ. ಆ ಪ್ರಯಾಣ ಬೇಕೋ ಬೇಡವೋ ಎಂಬುದನ್ನು ಒಂದು ಗಾಜಿನ ಪಟ್ಟಿ, ಒಂದು ಹನಿ ರಕ್ತ ಮತ್ತು ಸೂಕ್ಷ್ಮದರ್ಶಕದ ಮುಂದೆ ಕುಳಿತ ಕೆಲವು ನಿಮಿಷಗಳು ಅನೇಕ ವೇಳೆ ನಿರ್ಧರಿಸಬಲ್ಲವು.

ಕೊಳವೆಯಲ್ಲಿ ನಡೆಯುವುದೇನು?

ಪ್ಲೇಟ್‌ಲೆಟ್‌ಗಳನ್ನು ಕನ್ನಡದ ಪಠ್ಯಪುಸ್ತಕಗಳು ಕಿರುತಟ್ಟೆಗಳೆಂದು ಕರೆಯುತ್ತವೆ. ಕೆಂಪು ರಕ್ತಕಣದ ಮೂರನೆಯ ಒಂದು ಭಾಗದಷ್ಟು ಅಡ್ಡಳತೆಯುಳ್ಳ ಈ ಕಣಗಳು ಗಾಯವಾದಾಗ ಪರಸ್ಪರ ಅಂಟಿಕೊಂಡು ರಕ್ತಸ್ರಾವವನ್ನು ತಡೆಯುತ್ತವೆ. ಆರೋಗ್ಯವಂತರ ಒಂದು ಮೈಕ್ರೋಲೀಟರ್ ರಕ್ತದಲ್ಲಿ ಸಾಮಾನ್ಯವಾಗಿ ಒಂದೂವರೆ ಲಕ್ಷದಿಂದ ನಾಲ್ಕೂವರೆ ಲಕ್ಷದವರೆಗೆ ಪ್ಲೇಟ್‌ಲೆಟ್‌ಗಳಿರುತ್ತವೆ.

ಹೊರತೆಗೆದ ರಕ್ತ ಹೆಪ್ಪುಗಟ್ಟಿದರೆ ಕಣಗಳನ್ನು ಎಣಿಸಲಾಗದು. ಆದುದರಿಂದ ರಕ್ತಕಣಗಳ ಎಣಿಕೆಗೆ ಬಳಸುವ ನೇರಳೆ ಮುಚ್ಚಳದ ಕೊಳವೆಯಲ್ಲಿ ಇಡಿಟಿಎ ಎಂಬ ಹೆಪ್ಪುರೋಧಕವನ್ನು ಮೊದಲೇ ಲೇಪಿಸಿರುತ್ತಾರೆ. ರಕ್ತ ಹೆಪ್ಪುಗಟ್ಟಲು ಕ್ಯಾಲ್ಸಿಯಂ ಅತ್ಯಗತ್ಯ. ಇಡಿಟಿಎ ಆ ಕ್ಯಾಲ್ಸಿಯಂ ಅನ್ನು ಬಿಗಿಯಾಗಿ ಹಿಡಿದಿಟ್ಟುಕೊಂಡು ರಕ್ತವನ್ನು ದ್ರವರೂಪದಲ್ಲಿಯೇ ಉಳಿಸುತ್ತದೆ. ಕಣಗಳ ಆಕಾರವನ್ನೂ ಚೆನ್ನಾಗಿ ಕಾಪಾಡುವ ಕಾರಣ ಈ ಕೆಲಸಕ್ಕೆ ಜಗತ್ತಿನೆಲ್ಲೆಡೆ ಅದೇ ರೂಢಿಯಲ್ಲಿದೆ.

ತೊಡಕು ಹುಟ್ಟುವುದೂ ಇದೇ ಗುಣದಿಂದ. ಪ್ಲೇಟ್‌ಲೆಟ್‌ಗಳ ಮೇಲ್ಮೈಯಲ್ಲಿ ಅವುಗಳನ್ನು ಪರಸ್ಪರ ಬೆಸೆಯಲು ನೆರವಾಗುವ ಒಂದು ಜೋಡಿ ಪ್ರೋಟೀನ್ ಇದೆ. ಆ ಜೋಡಿ ತನ್ನ ಸಹಜ ಆಕಾರದಲ್ಲಿ ನಿಲ್ಲಬೇಕಾದರೆ ಕ್ಯಾಲ್ಸಿಯಂ ಇರಬೇಕು. ಇಡಿಟಿಎ ಕ್ಯಾಲ್ಸಿಯಂ ಅನ್ನು ಕಸಿದುಕೊಂಡಾಗ ಪ್ರೋಟೀನಿನ ಆಕಾರ ಬದಲಾಗಿ, ಅದುವರೆಗೆ ಮುಚ್ಚಿಕೊಂಡಿದ್ದ ಭಾಗವೊಂದು ಹೊರಗೆ ತೆರೆದುಕೊಳ್ಳುತ್ತದೆ. ಬಹುಪಾಲು ಜನರಲ್ಲಿ ಇದರಿಂದ ಏನೂ ಆಗುವುದಿಲ್ಲ. ಆದರೆ ಕೆಲವರ ರಕ್ತದಲ್ಲಿ ಆ ಗುಪ್ತ ಭಾಗವನ್ನು ಗುರುತಿಸಿ ಅಂಟಿಕೊಳ್ಳುವ ಪ್ರತಿಕಾಯಗಳು ಮೊದಲೇ ಇರುತ್ತವೆ. ಅವು ಅಂಟಿಕೊಂಡೊಡನೆ ಪ್ಲೇಟ್‌ಲೆಟ್‌ಗಳು ಒಂದನ್ನೊಂದು ಹಿಡಿದುಕೊಂಡು ಗೊಂಚಲಾಗುತ್ತವೆ. ದೇಹದೊಳಗೆ ಇಡಿಟಿಎ ಇಲ್ಲದ ಕಾರಣ ಆ ಭಾಗ ಅಲ್ಲಿ ಎಂದೂ ತೆರೆದುಕೊಳ್ಳುವುದಿಲ್ಲ. ಪ್ರತಿಕಾಯಗಳಿದ್ದರೂ ಅವು ನಿರುಪದ್ರವಿಗಳಾಗಿಯೇ ಇರುತ್ತವೆ.

ಇಡಿಟಿಎ ಸಮ್ಮುಖದಲ್ಲಿ ರಕ್ತಸಾರದ ಅಂಶವೊಂದು ಪ್ಲೇಟ್‌ಲೆಟ್‌ಗಳನ್ನು ಗುಂಪುಗಟ್ಟಿಸುವುದನ್ನು ಬ್ರಿಟನ್ನಿನ ವೈದ್ಯರ ತಂಡವೊಂದು 1969ರಲ್ಲಿ ವರದಿ ಮಾಡಿತು. ಅಲ್ಲಿಂದೀಚೆಗೆ ಅನೇಕ ದೇಶಗಳಲ್ಲಿ ನಡೆದ ಅಧ್ಯಯನಗಳು ಸರಿಸುಮಾರು ಸಾವಿರ ಮಂದಿಗೆ ಒಬ್ಬರಲ್ಲಿ ಈ ಸ್ಥಿತಿ ಕಾಣುವುದೆಂದು ತಿಳಿಸಿವೆ. ಸಂಪೂರ್ಣ ಆರೋಗ್ಯವಂತರಲ್ಲಿಯೂ ಇದು ಕಂಡುಬರುತ್ತದೆ. ಸೋಂಕು, ಗರ್ಭಧಾರಣೆ ಅಥವಾ ಬೇರೆ ಕಾಯಿಲೆಗಳ ವೇಳೆ ಹೊಸದಾಗಿ ಕಾಣಿಸಿಕೊಳ್ಳುವುದೂ ಉಂಟು. ಕೆಲವರಲ್ಲಿ ವರ್ಷಗಟ್ಟಲೆ ಉಳಿಯುತ್ತದೆ, ಮತ್ತೆ ಕೆಲವರಲ್ಲಿ ತಾನಾಗಿಯೇ ಮಾಯವಾಗುತ್ತದೆ.

ಯಂತ್ರ ಮೋಸಹೋಗುವ ಬಗೆ

ತಾಲ್ಲೂಕು ಮಟ್ಟದ ಪ್ರಯೋಗಾಲಯಗಳಲ್ಲಿ ಬಳಕೆಯಲ್ಲಿರುವ ಕಣ ಎಣಿಕೆಯ ಯಂತ್ರಗಳಲ್ಲಿ ಬಹಳಷ್ಟು, ಅಮೆರಿಕದ ವ್ಯಾಲೇಸ್ ಕೌಲ್ಟರ್ ಅವರಿಗೆ 1953ರಲ್ಲಿ ಹಕ್ಕುಸ್ವಾಮ್ಯ ದೊರೆತ ತತ್ವವನ್ನೇ ಅನುಸರಿಸುತ್ತವೆ. ತೆಳುಗೊಳಿಸಿದ ರಕ್ತವನ್ನು ಅತಿ ಸಣ್ಣ ರಂಧ್ರವೊಂದರ ಮೂಲಕ ಹಾಯಿಸಲಾಗುತ್ತದೆ. ಪ್ರತಿಯೊಂದು ಕಣವೂ ರಂಧ್ರವನ್ನು ದಾಟುವಾಗ ಅಲ್ಲಿ ಹರಿಯುತ್ತಿರುವ ವಿದ್ಯುತ್ತಿಗೆ ಕ್ಷಣಕಾಲ ಅಡ್ಡಿಯಾಗುತ್ತದೆ. ಅಡ್ಡಿ ಎಷ್ಟು ದೊಡ್ಡದೋ ಕಣವೂ ಅಷ್ಟು ದೊಡ್ಡದು. ಹೀಗೆ ಯಂತ್ರವು ಗಾತ್ರವನ್ನು ಮಾತ್ರ ನೋಡಿ, ಒಂದು ಮಿತಿಗಿಂತ ಚಿಕ್ಕದಾದುದನ್ನು ಪ್ಲೇಟ್‌ಲೆಟ್ ಎಂದೂ ಅದಕ್ಕಿಂತ ದೊಡ್ಡದನ್ನು ಬೇರೆ ಕಣವೆಂದೂ ವಿಂಗಡಿಸುತ್ತದೆ.

ಹತ್ತಾರು ಪ್ಲೇಟ್‌ಲೆಟ್‌ಗಳು ಕೂಡಿದ ಗೊಂಚಲು ಗಾತ್ರದಲ್ಲಿ ಬಿಳಿ ರಕ್ತಕಣಕ್ಕೆ ಸಮನಾಗಬಲ್ಲದು. ಯಂತ್ರ ಅದನ್ನು ಪ್ಲೇಟ್‌ಲೆಟ್ ಲೆಕ್ಕದಿಂದ ಕೈಬಿಡುವುದಷ್ಟೇ ಅಲ್ಲ, ಕೆಲವೊಮ್ಮೆ ಬಿಳಿ ರಕ್ತಕಣಗಳ ಲೆಕ್ಕಕ್ಕೆ ಸೇರಿಸಿಯೂ ಬಿಡುತ್ತದೆ. ಆಗ ಒಂದೇ ವರದಿಯಲ್ಲಿ ಪ್ಲೇಟ್‌ಲೆಟ್ ಇಳಿದಂತೆಯೂ ಬಿಳಿಕಣ ಏರಿದಂತೆಯೂ ತೋರಿ, ಸೋಂಕು ಅಥವಾ ರಕ್ತದ ಗಂಭೀರ ಕಾಯಿಲೆಯ ಶಂಕೆ ಮೂಡುತ್ತದೆ. ವರದಿಯ ಸಂಖ್ಯೆಗಳ ಪಕ್ಕದಲ್ಲಿ ಮೂಡುವ ಎಚ್ಚರಿಕೆಯ ಗುರುತು, ಬಿಳಿಕಣಗಳ ರೇಖಾಚಿತ್ರದ ಎಡ ಅಂಚಿನಲ್ಲಿ ಏಳುವ ಅಸಹಜ ಮೊನೆ ಇವೆರಡೂ ಗೊಂಚಲುಗಳ ಸುಳಿವುಗಳು. ಆದರೆ ಎಲ್ಲ ಯಂತ್ರಗಳೂ ಪ್ರತಿ ಸಲವೂ ಎಚ್ಚರಿಕೆ ನೀಡುತ್ತವೆಂದು ನೆಚ್ಚುವಂತಿಲ್ಲ.

ದೂರ, ಹೊತ್ತು ಮತ್ತು ತಂಪು

ಗುಂಪುಗಟ್ಟುವಿಕೆ ಕ್ಷಣಮಾತ್ರದಲ್ಲಿ ಮುಗಿಯುವ ಕ್ರಿಯೆಯಲ್ಲ. ರಕ್ತ ಕೊಳವೆಯನ್ನು ಸೇರಿದ ಕೆಲವೇ ನಿಮಿಷಗಳಲ್ಲಿ ಆರಂಭವಾಗಿ ಗಂಟೆಗಳು ಉರುಳಿದಂತೆ ಹೆಚ್ಚುತ್ತ ಹೋಗುತ್ತದೆ. ದೇಹದ ಉಷ್ಣತೆಯಲ್ಲಿ ನಿಧಾನವಾಗಿರುವ ಈ ಕ್ರಿಯೆ, ಕೊಠಡಿಯ ಉಷ್ಣತೆಯಲ್ಲಿ ಚುರುಕಾಗಿ ಶೈತ್ಯಪೆಟ್ಟಿಗೆಯಲ್ಲಿ ಇನ್ನಷ್ಟು ಬಿರುಸಾಗುವುದು ಸಾಮಾನ್ಯ. ಮಾದರಿ ಕೆಡದಿರಲೆಂದು ತಂಪಿನಲ್ಲಿಟ್ಟರೆ ಇಂಥವರ ವಿಷಯದಲ್ಲಿ ಫಲಿತಾಂಶ ಇನ್ನಷ್ಟು ಕೆಡುತ್ತದೆ.

ಈ ಮೂರು ತಾಲ್ಲೂಕುಗಳ ಭೂಗೋಳ ಇಲ್ಲಿ ಮುಖ್ಯವಾಗುತ್ತದೆ. ಮಲೆ ಮಹದೇಶ್ವರ ಬೆಟ್ಟದಿಂದ ಹನೂರಿನ ಮೂಲಕ ಕೊಳ್ಳೇಗಾಲಕ್ಕೆ ಸುಮಾರು 80 ಕಿಲೋಮೀಟರ್. ಅದರಲ್ಲಿ ಬಹುದೂರ ಕಾಡಿನ ತಿರುವುಗಳ ದಾರಿ. ಯಳಂದೂರಿನಿಂದ ಬಿಳಿಗಿರಿರಂಗನಬೆಟ್ಟಕ್ಕೆ ಘಾಟಿಯ ರಸ್ತೆ. ಕೊಳ್ಳೇಗಾಲದಿಂದ ಮೈಸೂರಿಗೆ ಮತ್ತೆ 60 ಕಿಲೋಮೀಟರಿಗೂ ಹೆಚ್ಚು. ರಕ್ತ ತೆಗೆದ ಸ್ಥಳದಲ್ಲಿಯೇ ಎಣಿಕೆ ನಡೆದರೆ ತೊಂದರೆ ಕಡಿಮೆ. ಸಂಗ್ರಹ ಕೇಂದ್ರದಲ್ಲಿ ಬೆಳಿಗ್ಗೆ ತೆಗೆದ ರಕ್ತವು ಹತ್ತಾರು ಮಾದರಿಗಳೊಡನೆ ಪೆಟ್ಟಿಗೆಯಲ್ಲಿ ಕುಳಿತು ಮಧ್ಯಾಹ್ನವೋ ಸಂಜೆಯೋ ದೊಡ್ಡ ಊರಿನ ಯಂತ್ರವನ್ನು ತಲುಪುವ ವ್ಯವಸ್ಥೆಯಲ್ಲಿ, ಗೊಂಚಲುಗಳು ಬೆಳೆಯಲು ಬೇಕಾದ ಸಮಯವೂ ತಂಪೂ ಎರಡೂ ದೊರೆಯುತ್ತವೆ. ಅದೇ ವ್ಯಕ್ತಿಯ ರಕ್ತವನ್ನು ಒಂದೇ ದಿನ ಎರಡು ಕಡೆ ಪರೀಕ್ಷಿಸಿದಾಗ ಅಜಗಜಾಂತರ ವ್ಯತ್ಯಾಸ ಬಂದರೆ, ಯಾವುದೋ ಒಂದು ಪ್ರಯೋಗಾಲಯ ತಪ್ಪಿತೆಂದು ದೂರುವ ಮೊದಲು ಎರಡರ ನಡುವಿನ ಹೊತ್ತನ್ನು ಗಮನಿಸಬೇಕು.

ಮಳೆಗಾಲದ ಜ್ವರದ ದಿನಗಳಲ್ಲಿ ಈ ಗೊಂದಲಕ್ಕೆ ಭಯವೂ ಸೇರಿಕೊಳ್ಳುತ್ತದೆ. ಕರ್ನಾಟಕ ಸರ್ಕಾರ 2024ರ ಸೆಪ್ಟೆಂಬರಿನಲ್ಲಿ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಅಧಿಸೂಚಿಸಿತು. ಪ್ಲೇಟ್‌ಲೆಟ್ ಎಂಬ ಪದ ಮನೆಮಾತಾಗಿರುವ ಇಂದಿನ ದಿನಗಳಲ್ಲಿ ಸಂಖ್ಯೆ ಇಳಿದಿದೆ ಎಂದೊಡನೆ ಮನೆಮಂದಿಗೆ ನೆನಪಾಗುವುದು ಡೆಂಗಿಯೇ.

ರಕ್ತಲೇಪನ ಹೇಗೆ ಸತ್ಯ ಹೇಳುತ್ತದೆ?

ಯಂತ್ರ ಗಾತ್ರವನ್ನಷ್ಟೇ ಅಳೆಯುತ್ತದೆ. ಕಣ್ಣು ಆಕಾರವನ್ನೂ ಬಣ್ಣವನ್ನೂ ನೋಡುತ್ತದೆ. ಗೊಂಚಲನ್ನು ಬಿಳಿಕಣವೆಂದು ಕಣ್ಣು ಭ್ರಮಿಸುವುದಿಲ್ಲ. ರಕ್ತಲೇಪನದ ಶಕ್ತಿ ಇರುವುದೇ ಇಲ್ಲಿ.

ಅನುಮಾನಾಸ್ಪದ ಫಲಿತಾಂಶ ಬಂದ ಕೊಳವೆಯನ್ನೇ ಮೊದಲು ಕೈಗೆತ್ತಿಕೊಳ್ಳಬೇಕು. ಕೊಳವೆಯನ್ನು ಓರೆಯಾಗಿ ಹಿಡಿದು, ತೆಳುವಾದ ಮರದ ಕಡ್ಡಿಯಿಂದ ನಿಧಾನವಾಗಿ ಕದಡಿ, ಹೆಪ್ಪಿನ ಎಳೆ ಸಿಗುವುದೇ ಎಂದು ನೋಡಲಾಗುತ್ತದೆ. ನರ ಸಿಗದೆ ಬಹಳ ಹೊತ್ತು ಸೂಜಿಯಾಡಿಸಿದ್ದರೆ, ಅಥವಾ ರಕ್ತ ತೆಗೆದ ಕೂಡಲೇ ಕೊಳವೆಯನ್ನು ಎಂಟು-ಹತ್ತು ಬಾರಿ ಮೆಲ್ಲಗೆ ಮೇಲೆ ಕೆಳಗೆ ತಿರುಗಿಸಿ ಬೆರೆಸದಿದ್ದರೆ, ನಿಜವಾದ ಹೆಪ್ಪು ಉಂಟಾಗಿ ಪ್ಲೇಟ್‌ಲೆಟ್‌ಗಳನ್ನು ಸೆಳೆದುಕೊಂಡಿರುತ್ತದೆ. ಅದು ಬೇರೆಯೇ ದೋಷ. ಹೊಸದಾಗಿ ರಕ್ತ ತೆಗೆದರೆ ಬಗೆಹರಿಯುತ್ತದೆ.

ಹೆಪ್ಪು ಇಲ್ಲವಾದರೆ ಅದೇ ಕೊಳವೆಯ ರಕ್ತದಿಂದ ಲೇಪನ ತಯಾರಿಸಬೇಕು. ಗಾಜಿನ ಪಟ್ಟಿಯ ಒಂದು ತುದಿಯಿಂದ ಸುಮಾರು ಒಂದು ಸೆಂಟಿಮೀಟರ್ ಒಳಗೆ 2-3 ಮಿಲಿಮೀಟರ್ ಅಗಲದ ಹನಿಯನ್ನು ಇಟ್ಟು, ಮತ್ತೊಂದು ಪಟ್ಟಿಯ ಅಂಚನ್ನು 30ರಿಂದ 45 ಡಿಗ್ರಿ ಕೋನದಲ್ಲಿ ಹನಿಗೆ ತಾಗಿಸಿ, ರಕ್ತ ಅಂಚಿನುದ್ದಕ್ಕೂ ಹರಡಿದೊಡನೆ ಒಂದೇ ವೇಗದಲ್ಲಿ ಮುಂದಕ್ಕೆ ಎಳೆಯಲಾಗುತ್ತದೆ. ಸರಿಯಾದ ಲೇಪನವು ಆರಂಭದಲ್ಲಿ ದಪ್ಪವಾಗಿದ್ದು ಕೊನೆಯಲ್ಲಿ ಹಕ್ಕಿಯ ಗರಿಯ ಅಂಚಿನಂತೆ ತೆಳುವಾಗುತ್ತದೆ. ಗಾಳಿಯಲ್ಲಿ ಒಣಗಿದ ಮೇಲೆ ಭಾರತದ ಪ್ರಯೋಗಾಲಯಗಳಲ್ಲಿ ಚಿರಪರಿಚಿತವಾದ ಲೀಶ್ಮನ್ ಬಣ್ಣವನ್ನು ಸುರಿದು ಸುಮಾರು ಎರಡು ನಿಮಿಷ ಬಿಟ್ಟು, ಅದರ ಎರಡರಷ್ಟು ಬಫರ್ ನೀರನ್ನು ಬೆರೆಸಿ ಏಳೆಂಟು ನಿಮಿಷಗಳ ನಂತರ ತೊಳೆಯುತ್ತಾರೆ.

ನೋಡುವ ಕ್ರಮವೂ ಮುಖ್ಯ. ಗೊಂಚಲುಗಳು ಭಾರವಾದುದರಿಂದ ಲೇಪನವನ್ನು ಎಳೆಯುವಾಗ ತೆಳುವಾದ ಬಾಲದ ತುದಿಗೂ ಪಕ್ಕದ ಅಂಚುಗಳಿಗೂ ಸಾಗಿಸಲ್ಪಡುತ್ತವೆ. ಪರೀಕ್ಷಕರು ನೇರವಾಗಿ ನಡುಭಾಗವನ್ನು ಎಣ್ಣೆಯ ಮಸೂರದಡಿಯಲ್ಲಿ ನೋಡಿದರೆ ಅಲ್ಲಿ ಪ್ಲೇಟ್‌ಲೆಟ್‌ಗಳು ವಿರಳವಾಗಿಯೇ ಕಂಡು, ಯಂತ್ರದ ತಪ್ಪು ದೃಢಪಟ್ಟಂತಾಗುತ್ತದೆ. ಲೇಪನ ಮಾಡಿಯೂ ಮೋಸಹೋಗುವುದು ಹೀಗೆ. ಆದುದರಿಂದ ಮೊದಲು ಕಡಿಮೆ ವರ್ಧನದ ಮಸೂರದಲ್ಲಿ ಬಾಲದ ಅಂಚನ್ನು ಪೂರ್ತಿಯಾಗಿ ಹುಡುಕಬೇಕು. ಗೊಂಚಲುಗಳಿದ್ದರೆ ನೇರಳೆ ಛಾಯೆಯ, ಕಣಕಣವಾದ ಮುದ್ದೆಗಳಂತೆ ಎದ್ದು ಕಾಣುತ್ತವೆ. ಆನಂತರವೇ ಕೆಂಪುಕಣಗಳು ಒಂದರ ಮೇಲೊಂದು ಬೀಳದೆ ಪಕ್ಕಪಕ್ಕದಲ್ಲಿ ಹರಡಿರುವ ಭಾಗಕ್ಕೆ ಬಂದು ಎಣ್ಣೆಯ ಮಸೂರದಡಿಯಲ್ಲಿ ಎಣಿಸಬೇಕು.

ಗೊಂಚಲುಗಳಿಲ್ಲದ ಲೇಪನದಲ್ಲಿ ಹತ್ತು ದೃಷ್ಟಿಕ್ಷೇತ್ರಗಳ ಪ್ಲೇಟ್‌ಲೆಟ್‌ಗಳನ್ನು ಎಣಿಸಿ, ಸರಾಸರಿಯನ್ನು 15 ಸಾವಿರದಿಂದ ಗುಣಿಸಿದರೆ ಒಂದು ಮೈಕ್ರೋಲೀಟರಿನ ಅಂದಾಜು ಸಂಖ್ಯೆ ಸಿಗುತ್ತದೆ. ಕೆಲವು ಪ್ರಯೋಗಾಲಯಗಳು 20 ಸಾವಿರದಿಂದ ಗುಣಿಸುತ್ತವೆ. ಸೂಕ್ಷ್ಮದರ್ಶಕದ ದೃಷ್ಟಿಕ್ಷೇತ್ರದ ಅಗಲವನ್ನು ಅವಲಂಬಿಸಿ ಈ ಗುಣಕವನ್ನು ಆಯಾ ಪ್ರಯೋಗಾಲಯವೇ ನಿಗದಿಪಡಿಸಿಕೊಳ್ಳಬೇಕು. ಇದು ಅಂದಾಜೇ ಹೊರತು ನಿಖರ ಎಣಿಕೆಯಲ್ಲ. ಆದರೆ 40 ಸಾವಿರಕ್ಕೂ 2 ಲಕ್ಷಕ್ಕೂ ಇರುವ ಅಂತರವನ್ನು ತೋರಿಸಲು ಇಷ್ಟು ಧಾರಾಳವಾಗಿ ಸಾಕು.

ಒಂದು ಉದಾಹರಣೆ

ವಿಷಯವನ್ನು ಸ್ಪಷ್ಟಪಡಿಸಲು ಉದಾಹರಣೆಯೊಂದನ್ನು ಕಲ್ಪಿಸಿಕೊಳ್ಳಬಹುದು. ಇಲ್ಲಿನ ವ್ಯಕ್ತಿಯೂ ಅಂಕಿಗಳೂ ವಿವರಣೆಗಾಗಿ ರಚಿಸಿದವು; ಕ್ರಮ ಮಾತ್ರ ಪ್ರಯೋಗಾಲಯಗಳಲ್ಲಿ ನಡೆಯುವಂತಹುದೇ.

ಹನೂರು ತಾಲ್ಲೂಕಿನ 48 ವರ್ಷದ ರೈತರೊಬ್ಬರಿಗೆ ತೊಡೆಸಂದಿನ ಹರ್ನಿಯಾ. ಬೆನ್ನಿಗೆ ಅರಿವಳಿಕೆ ಕೊಟ್ಟು ಶಸ್ತ್ರಚಿಕಿತ್ಸೆ ಮಾಡಲು ದಿನ ಗೊತ್ತಾಗಿದೆ. ಬೆಳಿಗ್ಗೆ ಎಂಟೂವರೆಗೆ ಹನೂರಿನಲ್ಲಿ ತೆಗೆದ ರಕ್ತ ಮಧ್ಯಾಹ್ನ ಹನ್ನೆರಡೂವರೆಗೆ ಕೊಳ್ಳೇಗಾಲದಲ್ಲಿ ಯಂತ್ರಕ್ಕೆ ಹೋಗುತ್ತದೆ. ಪ್ಲೇಟ್‌ಲೆಟ್ 36 ಸಾವಿರ, ಬಿಳಿಕಣ 11,600 ಎಂದು ವರದಿ ಬರುತ್ತದೆ. ಇಷ್ಟು ಕಡಿಮೆ ಪ್ಲೇಟ್‌ಲೆಟ್ ಇರುವವರ ಬೆನ್ನಿಗೆ ಸೂಜಿ ಚುಚ್ಚಲು ಯಾವ ಅರಿವಳಿಕೆ ತಜ್ಞರೂ ಒಪ್ಪುವುದಿಲ್ಲ. ಮನೆಯವರಿಗೆ ಡೆಂಗಿಯ ಭಯ. ಮೈಸೂರಿಗೆ ಕರೆದೊಯ್ಯುವ ಮಾತು ಆರಂಭವಾಗುತ್ತದೆ.

ವೈದ್ಯರು ಮೊದಲು ರೋಗಿಯನ್ನು ನೋಡುತ್ತಾರೆ. ಜ್ವರವಿಲ್ಲ. ಚರ್ಮದ ಮೇಲೆ ಕೆಂಪು ಚುಕ್ಕೆಗಳಿಲ್ಲ, ಒಸಡಿನಲ್ಲಿ ರಕ್ತವಿಲ್ಲ, ಸೂಜಿ ಚುಚ್ಚಿದ ಜಾಗ ಕಪ್ಪಾಗಿಲ್ಲ. ಗದ್ದೆಯ ಕೆಲಸದಲ್ಲಿ ಆದ ಗಾಯಗಳು ಎಂದಿನಂತೆ ಬೇಗ ಒಣಗಿವೆ. ಯಕೃತ್ತು, ಗುಲ್ಮ ಊದಿಲ್ಲ. ವರದಿಗೂ ವ್ಯಕ್ತಿಗೂ ತಾಳೆಯಾಗದಿರುವುದೇ ಮೊದಲ ಸಾಕ್ಷ್ಯ. ಪ್ರಯೋಗಾಲಯಕ್ಕೆ ಹೇಳಿಕಳುಹಿಸಿ ಅದೇ ಕೊಳವೆಯಿಂದ ಲೇಪನ ಮಾಡಿಸಿದಾಗ, ಕಡ್ಡಿಗೆ ಹೆಪ್ಪು ಸಿಗುವುದಿಲ್ಲ. ಆದರೆ ಲೇಪನದ ಬಾಲದ ಅಂಚಿನಲ್ಲಿ ಇಪ್ಪತ್ತು, ಮೂವತ್ತು, ಐವತ್ತು ಪ್ಲೇಟ್‌ಲೆಟ್‌ಗಳು ಒತ್ತೊತ್ತಾಗಿ ಕೂಡಿದ ಗೊಂಚಲುಗಳು ಸಾಲುಗಟ್ಟಿವೆ. ಈ ಹಂತದಲ್ಲಿ ಪ್ರಯೋಗಾಲಯ 36 ಸಾವಿರದ ಸಂಖ್ಯೆಯನ್ನು ತಡೆಹಿಡಿಯುತ್ತದೆ.

ಮರುದಿನ ರೋಗಿಯನ್ನೇ ಪ್ರಯೋಗಾಲಯಕ್ಕೆ ಕರೆಸಿ ಎರಡು ಕೊಳವೆಗಳಲ್ಲಿ ರಕ್ತ ತೆಗೆಯಲಾಗುತ್ತದೆ. ಮೊದಲನೆಯದು ತಿಳಿನೀಲಿ ಮುಚ್ಚಳದ ಸಿಟ್ರೇಟ್ ಕೊಳವೆ, ಎರಡನೆಯದು ಎಂದಿನ ಇಡಿಟಿಎ ಕೊಳವೆ. ಇಡಿಟಿಎ ರಕ್ತವನ್ನು ಒಂದು ನಿಮಿಷದೊಳಗೆ ಯಂತ್ರಕ್ಕೆ ಕೊಟ್ಟಾಗ ಪ್ಲೇಟ್‌ಲೆಟ್ 2,04,000 ಬರುತ್ತದೆ. ಅದೇ ಕೊಳವೆಯನ್ನು ಮೇಜಿನ ಮೇಲಿಟ್ಟು ಅರ್ಧ ಗಂಟೆಯ ಮೇಲೆ ನೋಡಿದರೆ 1,42,000. ಎರಡು ಗಂಟೆಯ ಮೇಲೆ 58,000. ಬಿಳಿಕಣ ಮಾತ್ರ 8,500ರಿಂದ ಮೇಲೇರಿದೆ. ರೋಗಿ ಹೊರಗಿನ ಬೆಂಚಿನ ಮೇಲೆ ಕುಳಿತು ಕಾಫಿ ಕುಡಿಯುತ್ತಿರುವಾಗ ಕೊಳವೆಯೊಳಗೆ ಅವರ ಪ್ಲೇಟ್‌ಲೆಟ್ ಇಳಿಯುತ್ತಿದೆ ಎಂದರೆ, ಇಳಿಕೆ ದೇಹದ್ದಲ್ಲ, ಕೊಳವೆಯದು.

ಸೂಜಿ ಹೊರಬಂದೊಡನೆ ತಯಾರಿಸಿದ ಲೇಪನದಲ್ಲಿ ಹತ್ತು ಕ್ಷೇತ್ರಗಳಲ್ಲಿ ಒಟ್ಟು 131 ಪ್ಲೇಟ್‌ಲೆಟ್‌ಗಳು ಸಿಗುತ್ತವೆ. ಸರಾಸರಿ 13.1, 15 ಸಾವಿರದಿಂದ ಗುಣಿಸಿದರೆ 1,96,500. ಸಿಟ್ರೇಟ್ ಕೊಳವೆಯ ಎಣಿಕೆ 1,88,000. ಅದಕ್ಕೊಂದು ತಿದ್ದುಪಡಿ ಬೇಕು.

ಸಿಟ್ರೇಟ್ ಕೊಳವೆಯ ಲೆಕ್ಕಾಚಾರ

ಸಿಟ್ರೇಟ್ ಸಹ ಕ್ಯಾಲ್ಸಿಯಂ ಅನ್ನೇ ಹಿಡಿಯುತ್ತದೆ, ಆದರೆ ಇಡಿಟಿಎಯಷ್ಟು ಬಿಗಿಯಾಗಿ ಅಲ್ಲ. ಪ್ಲೇಟ್‌ಲೆಟ್‌ಗಳ ಪ್ರೋಟೀನ್ ಜೋಡಿ ತನ್ನ ಆಕಾರ ಕಳೆದುಕೊಳ್ಳದಿರಲು ಬೇಕಾದಷ್ಟು ಕ್ಯಾಲ್ಸಿಯಂ ಉಳಿಯುವುದರಿಂದ ಹೆಚ್ಚಿನವರಲ್ಲಿ ಗೊಂಚಲು ಮೂಡುವುದಿಲ್ಲ. ಆದರೆ ಇಡಿಟಿಎ ಕೊಳವೆಯ ಒಳಗೋಡೆಗೆ ಲೇಪಿಸಿದ ಅತ್ಯಲ್ಪ ಪ್ರಮಾಣದಲ್ಲಿದ್ದರೆ, ಸಿಟ್ರೇಟ್ ದ್ರವರೂಪದಲ್ಲಿರುತ್ತದೆ. ಒಂಬತ್ತು ಪಾಲು ರಕ್ತಕ್ಕೆ ಒಂದು ಪಾಲು ಸಿಟ್ರೇಟ್, ಅಂದರೆ 2.7 ಮಿಲಿಲೀಟರ್ ರಕ್ತಕ್ಕೆ 0.3 ಮಿಲಿಲೀಟರ್ ದ್ರವ. ರಕ್ತ ಅಷ್ಟರಮಟ್ಟಿಗೆ ತೆಳುವಾಗುವ ಕಾರಣ ಬಂದ ಸಂಖ್ಯೆಯನ್ನು 1.1ರಿಂದ ಗುಣಿಸಬೇಕು.

ಮೇಲಿನ ಉದಾಹರಣೆಯಲ್ಲಿ 1,88,000ವನ್ನು 1.1ರಿಂದ ಗುಣಿಸಿದಾಗ 2,06,800 ಆಗುತ್ತದೆ. ತಕ್ಷಣ ಎಣಿಸಿದ ಇಡಿಟಿಎ ರಕ್ತ, ಕಣ್ಣಿನ ಅಂದಾಜು, ಸಿಟ್ರೇಟ್ ಲೆಕ್ಕ ಈ ಮೂರೂ 2 ಲಕ್ಷದ ಆಸುಪಾಸಿನಲ್ಲಿಯೇ ನಿಂತಿವೆ. ಬೇರೆ ಬೇರೆ ದಾರಿಗಳಿಂದ ಬಂದ ಉತ್ತರಗಳು ಒಂದೇ ಆಗಿರುವುದರಿಂದ ಸಂಶಯಕ್ಕೆ ಆಸ್ಪದವಿಲ್ಲ. ರೈತರ ಶಸ್ತ್ರಚಿಕಿತ್ಸೆಗೆ ಪ್ಲೇಟ್‌ಲೆಟ್ ಕಾರಣದಿಂದ ಅಡ್ಡಿಯಿಲ್ಲ.

ಇಲ್ಲಿ ಎರಡು ತಪ್ಪುಗಳು ಸಾಮಾನ್ಯ. ಒಂದು, 1.1ರಿಂದ ಗುಣಿಸಲು ಮರೆಯುವುದು. ಇನ್ನೊಂದು, ಸಿಟ್ರೇಟ್ ಕೊಳವೆಯನ್ನು ಗೆರೆಯವರೆಗೆ ತುಂಬಿಸದಿರುವುದು. ಅರ್ಧ ತುಂಬಿದ ಕೊಳವೆಯಲ್ಲಿ ರಕ್ತ ಇನ್ನಷ್ಟು ತೆಳುವಾಗಿರುತ್ತದೆ, 1.1ರ ಗುಣಕ ಅಲ್ಲಿ ಸಲ್ಲದು. ಇವೆರಡೂ ಸಂಖ್ಯೆಯನ್ನು ಮತ್ತೆ ಕೆಳಗೆಳೆಯುತ್ತವೆ. ಸಿಟ್ರೇಟ್ ಮಾದರಿಯನ್ನೂ ತಡಮಾಡದೆ ಎಣಿಸಬೇಕು, ಅದರಿಂದಲೂ ಒಂದು ಲೇಪನ ಮಾಡಿ ನೋಡಬೇಕು. ಏಕೆಂದರೆ ಈ ಸ್ಥಿತಿಯುಳ್ಳ ಕೆಲವರ ಪ್ಲೇಟ್‌ಲೆಟ್‌ಗಳು ಸಿಟ್ರೇಟಿನಲ್ಲಿಯೂ ಗುಂಪುಗಟ್ಟುತ್ತವೆ. ಅಂತಹವರ ರಕ್ತವನ್ನು 37 ಡಿಗ್ರಿ ಸೆಲ್ಸಿಯಸ್ ಬಿಸುಪಿನಲ್ಲಿರಿಸಿ ಕೂಡಲೇ ಎಣಿಸುವುದು ಒಂದು ಉಪಾಯ. ಅದೂ ಎಲ್ಲರಲ್ಲಿ ಫಲಿಸುವುದಿಲ್ಲ.

ಲೇಪನ ಹೇಳದಿರುವ ಸಂಗತಿಗಳು

ಲೇಪನದಲ್ಲಿ ಗೊಂಚಲು ಕಂಡಿತೆಂದರೆ ಯಂತ್ರದ ಸಂಖ್ಯೆ ನಂಬಲರ್ಹವಲ್ಲ ಎಂದಷ್ಟೇ ಅರ್ಥ. ಪ್ಲೇಟ್‌ಲೆಟ್ ಸಹಜವಾಗಿದೆ ಎಂದು ಅರ್ಥವಲ್ಲ. ನಿಜವಾಗಿಯೂ 70 ಸಾವಿರಕ್ಕೆ ಇಳಿದಿರುವ ವ್ಯಕ್ತಿಯ ರಕ್ತದಲ್ಲಿಯೂ ಗೊಂಚಲು ಮೂಡಿ ವರದಿ 20 ಸಾವಿರ ತೋರಿಸಬಹುದು. ಕೊರತೆ ನಿಜ, ಅದರ ಪ್ರಮಾಣ ಮಾತ್ರ ಸುಳ್ಳು. ಗೊಂಚಲು ಇದೆ ಎಂದು ತಿಳಿದೊಡನೆ ಎಲ್ಲವೂ ಸರಿಯಿದೆ ಎಂದು ರೋಗಿಯನ್ನು ಮನೆಗೆ ಕಳುಹಿಸುವುದು, ಸುಳ್ಳು ವರದಿಯನ್ನು ನಂಬಿದಷ್ಟೇ ದೊಡ್ಡ ತಪ್ಪು. ಗೊಂಚಲಿಲ್ಲದ ಮಾದರಿಯಿಂದ ಎಣಿಕೆ ಸಿಗುವವರೆಗೆ ಪ್ರಶ್ನೆ ತೆರೆದೇ ಇರುತ್ತದೆ.

ಡೆಂಗಿಯ ವಿಷಯದಲ್ಲಿ ಈ ಎಚ್ಚರ ಇನ್ನೂ ಹೆಚ್ಚು ಬೇಕು. ಡೆಂಗಿಯಲ್ಲಿ ಪ್ಲೇಟ್‌ಲೆಟ್ ಇಳಿಯುವುದು ಬಹುತೇಕ ನಿಜವಾದ ಇಳಿಕೆಯೇ. ಜ್ವರ ಬಂದ ಮೂರನೆಯ ದಿನದ ಸುಮಾರಿಗೆ ಆರಂಭವಾಗಿ ಜ್ವರ ಬಿಡುವ ಹೊತ್ತಿಗೆ ತೀರಾ ಕೆಳಗಿಳಿದು ಮತ್ತೆ ಏರುತ್ತದೆ. ಬಿಳಿಕಣಗಳೂ ಸಾಮಾನ್ಯವಾಗಿ ಕಡಿಮೆಯಾಗುತ್ತವೆ. ಮಿಥ್ಯಾ ಕೊರತೆಯಲ್ಲಿ ಬಿಳಿಕಣ ಏರಿದಂತೆ ತೋರುವುದಕ್ಕೆ ಇದು ತದ್ವಿರುದ್ಧ. ಇದು ಉಪಯುಕ್ತ ಸುಳಿವಾದರೂ ನಿರ್ಣಾಯಕವಲ್ಲ. ಜ್ವರವಿರುವವರ ವರದಿ ಸುಳ್ಳಿರಬಹುದೆಂದು ಮನೆಯವರೇ ಊಹಿಸಿ ಕಾಲಹರಣ ಮಾಡುವಂತಿಲ್ಲ. ಅದೇ ವೇಳೆ, ಡೆಂಗಿಯಲ್ಲಿ ರಕ್ತಸ್ರಾವವಿಲ್ಲದೆ ಸ್ಥಿರವಾಗಿರುವ ರೋಗಿಗೆ ಕೇವಲ ಸಂಖ್ಯೆಯನ್ನು ನೋಡಿ ಮುನ್ನೆಚ್ಚರಿಕೆಯಾಗಿ ಪ್ಲೇಟ್‌ಲೆಟ್ ನೀಡುವುದು ಅಗತ್ಯವಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆಯ 2009ರ ಮಾರ್ಗಸೂಚಿಯೇ ಹೇಳಿದೆ. ಸಂಖ್ಯೆ ನಿಜವಾಗಿದ್ದಾಗಲೂ ಅನ್ವಯಿಸುವ ಈ ಮಾತು, ಸಂಖ್ಯೆಯೇ ಸುಳ್ಳಾಗಿರುವಾಗ ಇನ್ನಷ್ಟು ಬಲವಾಗಿ ಅನ್ವಯಿಸುತ್ತದೆ.

ಬೆರಳಿಗೆ ಚುಚ್ಚಿ ನೇರವಾಗಿ ಗಾಜಿನ ಮೇಲೆ ತೆಗೆದ ಲೇಪನಕ್ಕೂ ಅದರದೇ ಮಿತಿಯಿದೆ. ಅದರಲ್ಲಿ ಇಡಿಟಿಎ ಇಲ್ಲದಿರುವುದು ಅನುಕೂಲ. ಆದರೆ ಯಾವ ಹೆಪ್ಪುರೋಧಕವೂ ಇಲ್ಲದ ಕಾರಣ ಆರೋಗ್ಯವಂತರ ಪ್ಲೇಟ್‌ಲೆಟ್‌ಗಳೂ ಅಲ್ಲಿ ಸಣ್ಣ ಗುಂಪುಗಳಾಗಿ ಕೂಡುವುದು ಸಹಜ. ಅದನ್ನು ಕಂಡು ಮಿಥ್ಯಾ ಕೊರತೆ ಎಂದು ಹೆಸರಿಡಬಾರದು. ಪ್ಲೇಟ್‌ಲೆಟ್‌ಗಳು ಯಥೇಚ್ಛವಾಗಿವೆಯೇ, ತೀರಾ ವಿರಳವೇ ಎಂಬುದನ್ನು ತಿಳಿಯಲು ಬೆರಳಿನ ಲೇಪನ ಸಾಕು. ಎಣಿಕೆಗೆ ಅದು ತಕ್ಕುದಲ್ಲ.

ಗೊಂಚಲೇ ಅಲ್ಲದೆ ಯಂತ್ರದ ಲೆಕ್ಕ ತಪ್ಪಿಸುವ ಇನ್ನೆರಡು ನೋಟಗಳನ್ನೂ ಅದೇ ಲೇಪನ ತೋರಿಸಬಲ್ಲದು. ಕೆಲವರ ಪ್ಲೇಟ್‌ಲೆಟ್‌ಗಳು ಹುಟ್ಟಿನಿಂದಲೇ ಕೆಂಪುಕಣದಷ್ಟು ದೊಡ್ಡದಾಗಿದ್ದು ಯಂತ್ರದ ಮಿತಿಯನ್ನು ಮೀರುತ್ತವೆ. ಮತ್ತೆ ಕೆಲವರಲ್ಲಿ ಇಡಿಟಿಎ ಕಾರಣದಿಂದಲೇ ಪ್ಲೇಟ್‌ಲೆಟ್‌ಗಳು ಬಿಳಿಕಣದ ಸುತ್ತ ಹೂವಿನ ದಳಗಳಂತೆ ಅಂಟಿಕೊಂಡು ನಿಲ್ಲುತ್ತವೆ. ಮೂರರಲ್ಲಿಯೂ ಯಂತ್ರದ ಮುದ್ರಿತ ಸಂಖ್ಯೆ ಒಂದೇ ಬಗೆಯದು. ಕಾರಣ ಬೇರೆಯೆಂದು ತಿಳಿಯುವುದು ಕಣ್ಣಿಗೆ ಮಾತ್ರ.

ವರದಿಯಲ್ಲಿ ಇರಬೇಕಾದ ಸಾಲು

ಗೊಂಚಲುಗಳು ಕಂಡ ಮೇಲೆ ಪ್ರಯೋಗಾಲಯವು ತಪ್ಪು ಸಂಖ್ಯೆಯನ್ನು ಹಾಗೆಯೇ ಮುದ್ರಿಸಿ ಕೆಳಗೆ ಸಣ್ಣ ಟಿಪ್ಪಣಿ ಹಾಕುವುದು ಸರಿಯಾದ ಕ್ರಮವಲ್ಲ. ಓದುವವರ ಕಣ್ಣು ಮೊದಲು ಬೀಳುವುದು ಸಂಖ್ಯೆಯ ಮೇಲೆ. ಆ ಸಂಖ್ಯೆಯನ್ನು ಕೈಬಿಟ್ಟು, ಪ್ಲೇಟ್‌ಲೆಟ್‌ಗಳು ಗುಂಪುಗಟ್ಟಿರುವುದರಿಂದ ಎಣಿಕೆ ಸಾಧ್ಯವಾಗಿಲ್ಲ, ಲೇಪನದಲ್ಲಿ ಅವು ಸಾಕಷ್ಟಿರುವಂತೆ ಅಥವಾ ಕಡಿಮೆಯಿರುವಂತೆ ಕಾಣುತ್ತವೆ, ಸಿಟ್ರೇಟ್ ಕೊಳವೆಯಲ್ಲಿ ಮರುಪರೀಕ್ಷೆ ಅಗತ್ಯ ಎಂದು ಬರೆಯಬೇಕು. ಬಿಳಿಕಣಗಳ ಸಂಖ್ಯೆಯೂ ಅನುಮಾನಾಸ್ಪದವಾದರೆ ಅದನ್ನೂ ತಿಳಿಸಬೇಕು.

ರೋಗಿಯ ಕೈಗೆ ಸಿಗಬೇಕಾದುದು ಇನ್ನೊಂದು ಚೀಟಿ. ಇಡಿಟಿಎ ಕೊಳವೆಯಲ್ಲಿ ಈ ವ್ಯಕ್ತಿಯ ಪ್ಲೇಟ್‌ಲೆಟ್‌ಗಳು ಗುಂಪುಗಟ್ಟುತ್ತವೆ, ಎಣಿಕೆಗೆ ಸಿಟ್ರೇಟ್ ಕೊಳವೆಯನ್ನೂ ಬಳಸಿ ಲೇಪನ ನೋಡಬೇಕು ಎಂಬ ಒಂದೆರಡು ಸಾಲುಗಳನ್ನು ದಿನಾಂಕ ಮತ್ತು ಸರಿಯಾದ ಎಣಿಕೆಯೊಡನೆ ಬರೆದುಕೊಟ್ಟರೆ, ಮುಂದಿನ ಬಾರಿ ಮೈಸೂರಿನಲ್ಲಿಯೋ ಬೆಂಗಳೂರಿನಲ್ಲಿಯೋ ತುರ್ತು ಚಿಕಿತ್ಸೆಗೆ ದಾಖಲಾದಾಗ ಅದೇ ಭಯ, ಅದೇ ಓಡಾಟ ಮರುಕಳಿಸುವುದಿಲ್ಲ. ಚೀಟಿ ಇದೆ ಎಂಬ ಕಾರಣಕ್ಕೆ ಮುಂದೆಂದೂ ನಿಜವಾದ ಕೊರತೆ ಬಾರದೆಂದು ತಿಳಿಯಬಾರದು. ಪ್ರತಿ ಬಾರಿಯೂ ಲೇಪನವನ್ನು ನೋಡಲೇಬೇಕು.

ಕಡಿಮೆ ಪ್ಲೇಟ್‌ಲೆಟ್ ವರದಿ ಕೈಗೆ ಬಂದ ಮನೆಯವರು ವೈದ್ಯರಲ್ಲಿ ಕೇಳಬಹುದಾದ ಪ್ರಶ್ನೆಗಳು ಮೂರು: ರಕ್ತ ತೆಗೆದು ಎಷ್ಟು ಹೊತ್ತಿನ ಮೇಲೆ ಎಣಿಸಲಾಯಿತು, ಲೇಪನದ ಬಾಲದ ಅಂಚನ್ನು ನೋಡಲಾಯಿತೇ, ಗೊಂಚಲುಗಳು ಕಂಡವೇ. ರೋಗಿಗೆ ರಕ್ತಸ್ರಾವ, ತೀವ್ರ ಹೊಟ್ಟೆನೋವು, ನಿಲ್ಲದ ವಾಂತಿ ಅಥವಾ ಅತಿಯಾದ ಸುಸ್ತು ಇದ್ದರೆ ಈ ಪ್ರಶ್ನೆಗಳು ಆಸ್ಪತ್ರೆಯ ದಾರಿಯಲ್ಲಿರಲಿ. ಇಲ್ಲವಾದರೆ ವಾಹನ ಗೊತ್ತುಮಾಡುವುದಕ್ಕೆ ಮೊದಲು ಕೇಳುವುದು ಲೇಸು.